ಪಿಐಪಿ ಲೆಟರ್ ಬಂದೈತಿ, ಟಾರ್ಗೆಟ್ ಯಾವುದು ತಾರೀಖು ಯಾವುದು ಬಿಡಿಸಿ ಹೇಳ್ರಿ

ಪ್ರಶ್ನೆ: ಸರ, ನಾನು ಹುಬ್ಬಳ್ಳಿಯೊಳಗ ಒಂದು ಬೈಕ್ ಲೋನ್ ಕಂಪನಿಯೊಳಗ ಫೀಲ್ಡ್ ಕಲೆಕ್ಷನ್ ಕೆಲಸಾ ಮಾಡ್ತೀನಿ, ಮೂರು ವರ್ಷ ಆತು, ಕುಂದಗೋಳ ಕಲಘಟಗಿ ಏರಿಯಾ. ಜೂನ್ 4ಕ್ಕ ಸಂಜಿಮುಂದ ಎಚ್‌ಆರ್ ಮೇಲ್ ಬಂತು, ಪಿಐಪಿ ಅಂದ್ರ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್ ಅಂತ, ಪೂರಾ ಇಂಗ್ಲಿಷ್. ನಂದು ಕನ್ನಡ ಮೀಡಿಯಂ, ಅರ್ಧ ತಿಳಿತೈತಿ ಅರ್ಧ ತಿಳಿಯಂಗಿಲ್ಲ. ಎರಡು ದಿನದಾಗ ಸಹಿ ಮಾಡಿ ಕಳಸ್ರಿ ಅಂದಾರ. ಹೆಸರು ತಗದು ಲೆಟರ್ ಕಳಿಸೇನಿ. ನನಗ ಕಂತು ತಪ್ಪಿ 30 ದಿನದೊಳಗ ಇದ್ದ ಬಕೆಟ್ 1ರಾಗ 140 ಕೇಸ್, 31ರಿಂದ 60 ದಿನ ಆದ ಬಕೆಟ್ 2ರಾಗ 30 ಕೇಸ್ ಅದಾವ. ಹೋದ ತಿಂಗಳ ನಂದು 72 ಪರ್ಸೆಂಟ್ ಆಗಿತ್ತು. ಏನೇನ್ ಕೇಳ್ಯಾರ, ಯಾವ ತಾರೀಖಿಗೆ ಏನಾಗತೈತಿ, ಸಹಿ ಮಾಡ್ಲೋ ಬ್ಯಾಡೋ ಹೇಳ್ರಿ.

ಉತ್ತರ:

ಲೆಟರ್ ಪೂರ್ತಿ ಓದಿದೆ. ಸಹಿ ವಿಚಾರ ಆಮ್ಯಾಲೆ ಹೇಳ್ತೀನಿ, ಶನಿವಾರ ತನಕಾ ಟೈಮ್ ಐತಿ. ಇಂಥ ಲೆಟರ್ ಎಚ್‌ಆರ್ ಕಡೆ ಕುಂತು ನಾನೂ ಭಾಳ ಟೈಪ್ ಮಾಡೇನಿ, ಅದರ ಮೊದಲು ಫೀಲ್ಡ್‌ನಾಗೂ ಅಡ್ಡಾಡೇನಿ, ಅದಕ್ಕ ಹೇಳ್ತೀನಿ, ಇದನ್ನ ಮ್ಯಾಲಿಂದ ಕೆಳಗ ಓದಬ್ಯಾಡ್ರಿ. ಮೊದಲಿನ ಎರಡು ಪ್ಯಾರಾ ಎಲ್ಲಾರ ಲೆಟರ್‌ನಾಗೂ ಒಂದ ಇರ್ತಾವ, ನಿಮ್ಮ ಪರ್ಫಾರ್ಮೆನ್ಸ್ ಬಗ್ಗೆ ಕಾಳಜಿ ಐತಿ, ಈ ಮೊದಲೂ ಮಾತಾಡೇವಿ, ಸಪೋರ್ಟ್ ಮಾಡ್ತೇವಿ, ಹಿಂಗ. ಮೊದಲು ತಾರೀಖು ಓದ್ರಿ, ಆಮ್ಯಾಲೆ ಟೇಬಲ್, ಆಮ್ಯಾಲೆ ಕಡೀ ಪ್ಯಾರಾ.

ತಾರೀಖಿನ ಸಾಲು ಎರಡನೇ ಪೇಜಿನ್ಯಾಗ ಟೇಬಲ್ ಮ್ಯಾಲೆ ಐತಿ. ಅದರ ಅರ್ಥ ಇಷ್ಟ: ಈ ಪ್ಲಾನ್ ಜೂನ್ 1ರಿಂದ ಸುರು, 60 ಕ್ಯಾಲೆಂಡರ್ ದಿನ, ಜುಲೈ 30ಕ್ಕ ಮುಗೀತೈತಿ. ಕ್ಯಾಲೆಂಡರ್ ದಿನ ಅಂದ್ರ ಐತವಾರ, ಸೂಟಿ, ನಿಮ್ಮ ಸಿಕ್ ಲೀವ್ ಎಲ್ಲಾ ಲೆಕ್ಕಕ್ಕ ಹಿಡಿದು. ವರ್ಕಿಂಗ್ ಡೇಸ್ ಅಂತ ಬರದಿದ್ರ ಎಣಿಕಿ ಬ್ಯಾರೆ ಆಗತಿತ್ತು, ಇಲ್ಲೆ ಹಂಗ ಬರದಿಲ್ಲ. ಜೂನ್‌ನಾಗ 30, ಜುಲೈನಾಗ 30, ಎಣಿಸಿದ್ರ ಸರೀ 60 ಬರ್ತೈತಿ.

ಇಲ್ಲೆ ಎರಡು ಕಡೆ ನಿಮಗ ಪೆಟ್ಟು ಬೀಳತೈತಿ. ಒಂದು, ಲೆಟರ್ ಮ್ಯಾಲೆ ತಾರೀಖು ಜೂನ್ 1, ನಿಮ್ಮ ಕೈಗೆ ಬಂದದ್ದು ಜೂನ್ 4 ಸಂಜಿಗೆ, ಅಂದ್ರ ನಿಮಗ ಗೊತ್ತಾಗೂದರೊಳಗ ನಾಕು ದಿನ ಹೋಗೇ ಬಿಟ್ಟಾವ. ಇದನ್ನ ಜಗಳಾ ಮಾಡಿ ಹೇಳೂದು ಬ್ಯಾಡ, ಮೇಲ್‌ನಾಗ ಒಂದು ಸಾಲು ಬರೀರಿ, ನನಗ ಜೂನ್ 4ಕ್ಕ ಸಿಕ್ಕೈತಿ, 60 ದಿನ ಅಲ್ಲಿಂದ ಹಿಡೀರಿ, ಅಂದ್ರ ಆಗಸ್ಟ್ 2ರ ತನಕಾ.

ಎರಡನೇದು ಇನ್ನೂ ದೊಡ್ಡದು, ಇದನ್ನ ಭಾಳ ಮಂದಿ ನೋಡೂದ ಇಲ್ಲ. ಕಲೆಕ್ಷನ್ ಲೆಕ್ಕಾ ಮುಗಿಯೂದು ತಿಂಗಳ ಕಡೀ ದಿನ ರಾತ್ರಿ. ಕಡೀ ಎರಡು ಮೂರು ದಿನದಾಗ ಎಷ್ಟು ಕೇಸ್ ಕ್ಲೋಸ್ ಆಗತಾವ ಅಂತ ನಿಮಗ ನಾನು ಹೇಳಬೇಕಾಗಿಲ್ಲ. ಆದ್ರ ನಿಮ್ಮ ಮಿಡ್ ಪಾಯಿಂಟ್ ರಿವ್ಯೂ ಇಟ್ಟದ್ದು ಜೂನ್ 30 ಮಂಗಳವಾರ, ಫೈನಲ್ ರಿವ್ಯೂ ಇಟ್ಟದ್ದು ಜುಲೈ 30 ಗುರುವಾರ. ಎರಡೂ ತಿಂಗಳು ಮುಗಿಯೂದಕ್ಕ ಮೊದಲ! ಜೂನ್ 30ಕ್ಕ ಮುಂಜಾನೆ ಹತ್ತಕ್ಕ ಮೀಟಿಂಗ್ ಕರದ್ರ ಮ್ಯಾನೇಜರ್ ಕೈಯಾಗ ಇರೂದು 29ರ ಲೆಕ್ಕಾ, ಜುಲೈನಾಗ ಕರದ್ರ ಇನ್ನೂ ಎರಡು ದಿನದ ಕಲೆಕ್ಷನ್ ಹೊರಗ ಉಳೀತೈತಿ. ಟಾರ್ಗೆಟ್ ಮಾತ್ರ ಪೂರಾ ತಿಂಗಳದ್ದು. ಬೇಕಂತ ಮಾಡ್ಯಾರಂತ ನಾನು ಅನ್ನಂಗಿಲ್ಲ, ಎಚ್‌ಆರ್‌ನವರು 60 ದಿನ ಎಣಿಸಿ ತಾರೀಖು ಹಾಕ್ತಾರ, ಅವರಿಗೆ ಕಲೆಕ್ಷನ್ ಕ್ಲೋಸಿಂಗ್ ತಲ್ಯಾಗ ಇರೂದಿಲ್ಲ. ಅದಕ್ಕ ಕೇಳ್ರಿ: ರಿವ್ಯೂ ಯಾವಾಗರ ಇಡ್ರಿ, ಆದ್ರ ಜೂನ್ ಲೆಕ್ಕಾ ಜೂನ್ 30ರ ಕ್ಲೋಸಿಂಗ್ ಫೈಲ್ ಮ್ಯಾಲೆ, ಜುಲೈ ಲೆಕ್ಕಾ ಜುಲೈ 31ರ ಕ್ಲೋಸಿಂಗ್ ಫೈಲ್ ಮ್ಯಾಲೆ ಹಿಡೀರಿ ಅಂತ. ಇದೊಂದು ಸಾಲಿಗೆ ಅವರು ಹೂಂ ಅಂದ್ರ ನಿಮಗ ಐದಾರು ಕೇಸಿನ ಫರಕ್ ಬೀಳಬಹುದು.

ಈಗ ಟೇಬಲ್. ನಾಕು ಸಾಲು ಅದಾವ.

ಮೊದಲನೇ ಸಾಲು ಹೇಳೂದು, ಬಕೆಟ್ 1ರಾಗ ನಿಮಗ ಅಲೊಕೇಟ್ ಆದ ಕೇಸ್‌ನಾಗ ಕನಿಷ್ಠ 85 ಪರ್ಸೆಂಟ್ ರೆಸಲ್ಯೂಶನ್ ಆಗಬೇಕು, ಕೌಂಟ್ ಲೆಕ್ಕದಾಗ, ಪ್ರತಿ ಕ್ಯಾಲೆಂಡರ್ ತಿಂಗಳು. ಇದರಾಗ ನಾಕು ಮಾತು ಅದಾವ, ಒಂದೊಂದು ನೋಡೋಣ.

ಕೌಂಟ್ ಅಂದ್ರ ತಲಿ ಎಣಿಕಿ. ಎಂಬತ್ತು ಸಾವಿರ ಬಾಕಿ ಇದ್ದವನೂ ಒಂದ ಕೇಸ್, ಹದಿನೈದು ಸಾವಿರ ಇದ್ದವನೂ ಒಂದ ಕೇಸ್. 140ರಾಗ 85 ಪರ್ಸೆಂಟ್ ಅಂದ್ರ 119 ಕೇಸ್. ಹೋದ ತಿಂಗಳ 72 ಪರ್ಸೆಂಟ್, ಅದನ್ನ ಇದೇ 140ಕ್ಕ ಹಚ್ಚಿದ್ರ 101 ಕೇಸ್. ಅಂದ್ರ ನಿಮಗ ಕಡಿಮಿ ಬಿದ್ದದ್ದು 18 ಕೇಸ್. ಪರ್ಸೆಂಟ್ ಅಂತ ಕೇಳಿದ್ರ ಅಂಜಿಕಿ ಬರ್ತೈತಿ, 18 ಮನಿ ಅಂದ್ರ ಏನ್ ಮಾಡಬೇಕು ಅಂತ ಗೊತ್ತಾಗತೈತಿ.

ರೆಸಲ್ಯೂಶನ್ ಅಂದ್ರ ಆ ಕೇಸ್ ಮುಂದಿನ ಬಕೆಟ್‌ಗೆ ಹೋಗಬಾರದು. ಉದಾಹರಣಿಗೆ ಗಿರಾಕಿ ಕಂತು 3,200, ಒಂದು ಕಂತು ಹಳೇದು ಉಳದೈತಿ, ಜೂನ್‌ನಾಗ ಇನ್ನೊಂದು ಕಂತು ಬೀಳತೈತಿ. ಅವ ಒಂದು ಕಂತು ಪೂರ್ತಿ ಕಟ್ಟಿದ್ರ ಇದ್ದಲ್ಲೇ ಇರ್ತಾನ, ಅದನ್ನ ಸ್ಟ್ಯಾಬ್ ಅಂತೀರಿ ನೀವು, ಎರಡೂ ಕಟ್ಟಿದ್ರ ನಾರ್ಮ್. ಎರಡೂ ನಿಮ್ಮ 119ರಾಗ ಬರ್ತಾವ. ಏನೂ ಕಟ್ಟಲಿಲ್ಲ ಅಂದ್ರ ಬಕೆಟ್ 2ಕ್ಕ ಜಾರತಾನ. ಆದ್ರ 2,000 ಕಟ್ಟಿ, ಉಳದದ್ದು ಬರೂ ವಾರ ಕೊಡ್ತೀನಿ ಸರ ಅಂದವ ಬರದಿದ್ರ? ರೊಕ್ಕ ಕಂಪನಿಗೆ ಬಂದೈತಿ, ನೀವು ಮೂರು ಸಲ ಅವನ ಮನಿಗೆ ಹೋಗೀರಿ, ಕೌಂಟ್‌ನಾಗ ಮಾತ್ರ ಸೊನ್ನಿ. ಫೀಲ್ಡ್ ಹುಡುಗರು ಸೋಲೂದು ಹೆಚ್ಚಿನ ಸಲ ಇಲ್ಲೇ, ರೊಕ್ಕ ಬಂದಿರ್ತೈತಿ ಕೇಸ್ ಮುಗಿದಿರೂದಿಲ್ಲ. ಹೋದ ತಿಂಗಳ ಫೈಲ್ ತಗದು ಅರ್ಧಾ ಕಟ್ಟಿ ಉಳಿಸಿಕೊಂಡವರು ಯಾರ್ಯಾರು ಅಂತ ಹೆಸರು ಬರೀರಿ, ನಿಮ್ಮ 18ರಾಗ ಸುಮಾರು ಮಂದಿ ಆ ಪಟ್ಟಿಯೊಳಗ ಸಿಗ್ತಾರ. ಅಂಥವರ ಕಡೆ ಮೊದಲನೇ ಸಲ ಹೋದಾಗಲೇ ಬಾಕಿ 1,200 ಯಾವ ದಿನ ಅಂತ ತಾರೀಖು ತಗೊಂಡು ಆಪ್‌ನಾಗ ಪಿಟಿಪಿ, ಅಂದ್ರ ಇಂಥ ದಿನ ಕೊಡ್ತೀನಿ ಅಂದ ಮಾತು, ಹಾಕ್ರಿ.

ಇನ್ನ ಪ್ರತಿ ಕ್ಯಾಲೆಂಡರ್ ತಿಂಗಳು ಅನ್ನೂದು. ಜೂನ್‌ನಾಗ 80 ಆತು, ಜುಲೈನಾಗ 90 ಮಾಡಿ ಸರಿ ಮಾಡ್ತೀನಿ ಅಂದ್ರ ನಡೆಯಂಗಿಲ್ಲ. ಆವರೇಜ್ 85 ಬಂದ್ರೂ ಈ ಸಾಲಿನ ಪ್ರಕಾರ ಜೂನ್ ಫೇಲ್. ಬ್ಯಾರೆ ಕಂಪನಿ ಲೆಟರ್‌ನಾಗ ಆವರೇಜ್ ಅಥವಾ ಕ್ಯುಮುಲೇಟಿವ್ ಅಂತ ಇರ್ತೈತಿ, ನಿಮ್ಮದರಾಗ ಇಲ್ಲ. ನೀವು ಕೇಳಬಹುದು, ಎರಡೂ ತಿಂಗಳು ಕೂಡಿಸಿ ನೋಡ್ರಿ ಅಂತ, ಕೊಡ್ತಾರೋ ಬಿಡ್ತಾರೋ, ಕೇಳಿದ್ರ ನಷ್ಟ ಏನಿಲ್ಲ.

ಅಲೊಕೇಟ್ ಆದ ಕೇಸ್ ಅನ್ನೂದರಾಗ ಒಂದು ಬಾಗಲಾ ತೆರದ ಐತಿ. ಇವತ್ತು 140. ನಡು ತಿಂಗಳದಾಗ ಬ್ಯಾರೆ ಹುಡುಗ ಕೆಲಸಾ ಬಿಟ್ಟು ಹೋದ ಅಂತ ಅವನ 20 ಕೇಸ್ ನಿಮ್ಮ ಮ್ಯಾಲೆ ಹಾಕಿದ್ರ ಲೆಕ್ಕಾ 160ಕ್ಕ ಆಗತೈತಿ, ಆಗ ಬೇಕಾದದ್ದು 136. ಆ 20 ಮಂದಿ ಮನಿ ನಿಮಗ ಗೊತ್ತೂ ಇರೂದಿಲ್ಲ. ಗಿರಾಕಿ ತೀರಿಹೋದದ್ದು, ಗಾಡಿ ಕಳುವಾದದ್ದು, ಕೋರ್ಟಿನ್ಯಾಗ ಇದ್ದದ್ದು ಹಿಂಥ ಕೇಸೂ ಆ 140ರಾಗ ಇರಬಹುದು. ಅದಕ್ಕ ಬರೀರಿ: ಜೂನ್ ಅಲೊಕೇಶನ್ ಫೈಲ್ ಇಂಥಾದ್ದು, ಇದರ ಮ್ಯಾಲೆ ಲೆಕ್ಕಾ ಹಿಡೀರಿ, ಆಮ್ಯಾಲೆ ಬಂದ ಕೇಸ್ ಬ್ಯಾರೆ ತೋರಸ್ರಿ. ಫೈಲನ್ನ ಆ ಮೇಲ್‌ಗೇ ಹಚ್ಚಿ ಕಳಸ್ರಿ. ನಿಮ್ಮ ಪರ್ಸನಲ್ ಮೇಲ್‌ಗೆ ಮಾತ್ರ ಕಳಿಸ್ಕೊಬ್ಯಾಡ್ರಿ, ಗಿರಾಕಿಗಳ ಡೇಟಾ ಹೊರಗ ಹಾಕಿದಾ ಅಂತ ಅದೊಂದು ಹೊಸಾ ಕೇಸ್ ಆಗತೈತಿ.

ಎರಡನೇ ಸಾಲು ನೋಡ್ರಿ, ಇದು ಉಲ್ಟಾ ಟಾರ್ಗೆಟ್. ಬಕೆಟ್ 2ರಿಂದ ಮುಂದ ಜಾರೂದು ಪಿಒಎಸ್‌ನ 8 ಪರ್ಸೆಂಟ್ ದಾಟಬಾರದು ಅಂತ ಐತಿ. 8 ಮಾಡಬೇಕು ಅಂತಲ್ಲ, 8ರ ಕೆಳಗ ಇರಬೇಕು ಅಂತ. ಮತ್ತ ಇಲ್ಲೆ ತಲಿ ಎಣಿಕಿ ಇಲ್ಲ, ರೊಕ್ಕದ ಎಣಿಕಿ. ಪಿಒಎಸ್ ಅಂದ್ರ ಗಿರಾಕಿ ಇನ್ನೂ ಕೊಡಬೇಕಾದ ಅಸಲು.

ನಿಮ್ಮ 30 ಕೇಸ್ ಒಟ್ಟು ಪಿಒಎಸ್ ಎಷ್ಟು ಅಂತ ನೀವು ಬರದಿಲ್ಲ, ಲೆಕ್ಕಕ್ಕ ಒಂದೊಂದು ಸರಾಸರಿ 60,000 ಅಂತ ಹಿಡಿಯೋಣ, 18 ಲಕ್ಷ ಆತು. ಅದರ 8 ಪರ್ಸೆಂಟ್ 1,44,000. ಅಂದ್ರ 60,000ದ ಎರಡು ಕೇಸ್ ಜಾರಿದ್ರ 1,20,000, ನಡೀತೈತಿ. ಮೂರನೇದು ಜಾರಿತು ಅಂದ್ರ 1,80,000, ಹತ್ತು ಪರ್ಸೆಂಟ್, ಮುಗೀತು. ಹೊಸಾ ತುಟ್ಟಿ ಗಾಡಿ ತಗೊಂಡವನದು 90,000 ಇದ್ದು ಅವನ ಜೋಡಿ ಇನ್ನೊಂದು 60,000ದ್ದು ಹೋದ್ರ ಎರಡಕ್ಕೇ ದಾಟತೈತಿ. ಇನ್ನೊಂದು ಕಡೆ 35,000ದ ನಾಕು ಕೇಸ್ ಹೋದ್ರೂ 1,40,000, ಒಳಗೇ ಇರ್ತೀರಿ. ಅದಕ್ಕ ಬಕೆಟ್ 2ರ ಫೈಲನ್ನ ಪಿಒಎಸ್ ದೊಡ್ಡದರಿಂದ ಸಣ್ಣದಕ್ಕ ಸಾರ್ಟ್ ಮಾಡಿ ಮ್ಯಾಲಿನ ಹತ್ತು ಮನಿಗೆ ಮೊದಲನೇ ವಾರದಾಗೇ ಹೋಗಬೇಕು. ಬಕೆಟ್ 1ರಾಗ ಯಾವ ಮನಿ ಹತ್ತರ ಐತಿ ಯಾವುದು ಲಗೂ ಮುಗೀತೈತಿ ಅಂತ ಹೋಗ್ರಿ, ಬಕೆಟ್ 2ರಾಗ ಯಾವುದು ದೊಡ್ಡದೈತಿ ಅಂತ ಹೋಗ್ರಿ. ಒಂದ ರೂಟಿನ್ಯಾಗ ಎರಡನ್ನೂ ಕೂಡಿಸಿ ಸಿಕ್ಕಂಗ ಅಡ್ಡಾಡಿದ್ರ ಎರಡೂ ಕೈ ತಪ್ಪತಾವ. ಕಂಪನಿ ಇಲ್ಲೆ ಯಾಕ ಇಷ್ಟು ಬಿಗಿ ಅಂದ್ರ, ಬಕೆಟ್ 2ರ ಮುಂದಿಂದು 61ರಿಂದ 90 ದಿನದ್ದು, ಅದನ್ನೂ ದಾಟಿತು ಅಂದ್ರ ಕೆಟ್ಟ ಸಾಲ, ಅಂದ್ರ ಎನ್‌ಪಿಎ.

ಮೂರನೇ ಸಾಲು ಪ್ರತಿ ವರ್ಕಿಂಗ್ ಡೇ ಕನಿಷ್ಠ 12 ಜಿಯೋ ಟ್ಯಾಗ್ ವಿಸಿಟ್, ಟ್ರೇಲ್ ಅಂದ್ರ ವಿಸಿಟಿನ್ಯಾಗ ಏನಾತು ಅನ್ನೂ ನೋಟು ಅವತ್ತೇ ಅಪ್‌ಡೇಟ್. ಇದರಾಗೂ ಆವರೇಜ್ ಇಲ್ಲ, ಇವತ್ತು 16 ನಾಳೆ 8 ಅಂದ್ರ ನಾಳೆ ಫೇಲ್. ಹುಬ್ಬಳ್ಳಿ ಊರಾಗ ಹಳೇ ಹುಬ್ಬಳ್ಳಿ, ಗೋಕುಲ ರೋಡ ಕಡೆ 12 ದೊಡ್ಡದಲ್ಲ. ಕುಂದಗೋಳ ದಾಟಿ ಸಂಶಿ ಕಡೆ ಒಂದು ದಿನ, ಕಲಘಟಗಿ ಹಳ್ಳಿಗೆ ಒಂದು ದಿನ ಅಂದ್ರ ಲೆಕ್ಕಾ ಬ್ಯಾರೆ. ಅದರ ಮ್ಯಾಲೆ ಬಾಕಿ ವಸೂಲಿ ಸಲುವಾಗಿ ಮುಂಜಾನೆ 8ರ ಮೊದಲು ಸಂಜಿ 7ರ ಮ್ಯಾಲೆ ಗಿರಾಕಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಾಗ ಹೇಳೈತಿ, ಫೋನೇ ಮಾಡಬಾರದು ಅಂದ ಮ್ಯಾಲೆ ಆ ಹೊತ್ತಿನ್ಯಾಗ ಮನಿ ಬಾಗಲಾ ಬಡಿಯೂದಂತೂ ದೂರ ಉಳೀತು. 12 ಮುಗಿಸು ಅಂತ ಯಾರರ ರಾತ್ರಿ ಎಂಟಕ್ಕ ಕಳಿಸಿದ್ರ ಕಂಪ್ಲೇಂಟ್ ಬೀಳೂದು ನಿಮ್ಮ ಹೆಸರಿನ ಮ್ಯಾಲೆ. ಹಳ್ಳಿ ದಿನಕ್ಕ ಎಷ್ಟು ಊರಿನ ದಿನಕ್ಕ ಎಷ್ಟು ಅಂತ ಬ್ಯಾರೆ ಬ್ಯಾರೆ ಕೇಳ್ರಿ, ಇಲ್ಲಾಂದ್ರ ವಾರಕ್ಕ 72 ಅಂತ ಮಾಡ್ರಿ ಅಂತ ಕೇಳ್ರಿ.

ನೆಟ್‌ವರ್ಕ್ ಇಲ್ಲದ ಹಳ್ಳಿಯೊಳಗ ಆಪ್ ಸಿಂಕ್ ಆಗಲಿಲ್ಲ ಅಂದ್ರ ಅವತ್ತೇ ಸ್ಕ್ರೀನ್‌ಶಾಟ್ ತಗದು ಟೈಮ್ ಕಾಣೂ ಹಂಗ ಮ್ಯಾನೇಜರ್‌ಗೆ ಹಾಕ್ರಿ. ಆದ್ರ ಒಂದ ಚಹಾದಂಗಡಿ ಮುಂದ ನಿಂತು ಐದು ವಿಸಿಟ್ ಹೊಡಿಯೂದು ಮಾತ್ರ ಬ್ಯಾಡೇ ಬ್ಯಾಡ. ಐದೂ ಲೊಕೇಶನ್ ಒಂದ ಕಡೆ ಬಂದಿರ್ತಾವ, ನಡುವ ಮೂರು ಮೂರು ನಿಮಿಷ. 10 ವಿಸಿಟ್ ಮಾಡಿದ್ರ ಪಿಐಪಿಯೊಳಗ ಒಂದು ಮಾರ್ಕ್ ಕಡಿಮಿ, ಸುಳ್ಳು ವಿಸಿಟ್ ಹಾಕಿದ್ರ ಅದು ಫ್ರಾಡ್, ಪಿಐಪಿ ಮುಗಿಯೂತನಕ ಕಾಯೂದೂ ಇಲ್ಲ.

ನಾಕನೇ ಸಾಲು ಕ್ಯಾಶ್ ಡಿಪಾಸಿಟ್, ಎತ್ತಿದ ರೊಕ್ಕ ಮರುದಿನ 11ರೊಳಗ ತುಂಬಬೇಕು, ಲೇಟ್ ಆದ ಕೇಸ್ ಸೊನ್ನಿ ಇರಬೇಕು, ಲೇಟ್ ಆತು ಅಂದ್ರ ಡಿಸಿಪ್ಲಿನರಿ ಪಾಲಿಸಿ ಪ್ರಕಾರ ನೋಡ್ತೇವಿ ಅಂತ. ಮ್ಯಾಲಿನ ಮೂರು ಸಾಲು ಕೆಲಸದ ಅಳತಿ, ಇದು ನಡತಿ ವಿಚಾರ. ಮ್ಯಾಲಿನವು ಸ್ವಲ್ಪ ಕಡಿಮಿ ಬಿದ್ರ ಮಾತಾಡಾಕ ಜಾಗಾ ಐತಿ, ಇದರಾಗ ಒಂದ ಸಲ ಆದ್ರೂ ಶೋಕಾಸ್ ಬರಬಹುದು. ಶನಿವಾರ ಸಂಜಿಗೆ ಎತ್ತಿದ ರೊಕ್ಕಕ್ಕ ಮರುದಿನ ಅಂದ್ರ ಐತವಾರವೋ ಸೋಮವಾರವೋ ಅಂತ ಲೆಟರ್‌ನಾಗ ಬರದಿಲ್ಲ. ಅದನ್ನ ಇವತ್ತೇ ಕೇಳ್ರಿ.

ಟೇಬಲ್ ಬಾಜೂಕ ಸಪೋರ್ಟ್ ರಿಕ್ವೈರ್ಡ್ ಅಂತ ಒಂದು ಕಾಲಮ್ ಐತಲ್ಲ, ಖಾಲಿ ಬಿಟ್ಟಾರ. ಅದು ನಿಮ್ಮ ಸಲುವಾಗಿ ಇಟ್ಟದ್ದು, ಖಾಲಿ ಕಳಿಸಿದ್ರ ಇವನಿಗೆ ಏನೂ ಬೇಕಾಗಿಲ್ಲ ಅಂತ ಆಗತೈತಿ. ನಾನಾಗಿದ್ರ ಅಲ್ಲೆ ಎರಡು ಬರೀತಿದ್ದೆ. ಬಕೆಟ್ 2ರ ದೊಡ್ಡ ಕೇಸ್‌ಗೆ ತಿಂಗಳದಾಗ ಒಂದೆರಡು ಸಲ ಮ್ಯಾನೇಜರ್ ಜೋಡಿ ಬರಬೇಕು ಅನ್ನೂದು ಒಂದು. ಇನ್ನೊಂದು ಬಿತ್ತಿಗಿ ವಿಚಾರ. ಜೂನ್ ಅಂದ್ರ ನಮ್ಮ ಕಡೆ ಮುಂಗಾರಿ ಬಿತ್ತಿಗಿ, ಮನ್ಯಾಗಿದ್ದ ರೊಕ್ಕ ಬೀಜಕ್ಕ ಗೊಬ್ಬರಕ್ಕ ಹೋಗಿರ್ತೈತಿ, ಹೆಸರು ಕಾಳಿನ ಬೆಳಿ ಕೈಗೆ ಬಂದು ಅಮರಗೋಳ ಎಪಿಎಂಸಿ ಕಾಣೂದು ಆಗಸ್ಟ್ ಸುಮಾರಿಗೆ. ನಿಮ್ಮ 60 ದಿನ ಸರೀ ಆ ಬರಗಾಲದ ನಡುವ ಕುಂತೈತಿ. ಹೆಡ್ ಆಫೀಸಿನವರಿಗೆ ಇದು ಗೊತ್ತಿರೂದಿಲ್ಲ. ಹೋದ ವರ್ಷದ ಜೂನ್ ಜುಲೈದಾಗ ಇದೇ ಏರಿಯಾದ್ದು ಎಷ್ಟು ಪರ್ಸೆಂಟ್ ಇತ್ತು ಅನ್ನೂದನ್ನ ಬಾಜೂ ಇಟ್ಟು ನೋಡ್ರಿ ಅಂತ ಕೇಳ್ರಿ. ಬರೇ ಮಳಿ ಬಿತ್ತಿಗಿ ಅಂತ ಬರದ್ರ ನೆವಾ ಹೇಳ್ತಾನ ಅಂತಾರ, ನಂಬರ್ ಇಟ್ರ ಓದ್ತಾರ.

ರಿವ್ಯೂ ತಾರೀಖಿಗೆ ತಿರುಗಿ ಬರೋಣ, ಯಾವ ದಿನ ಏನಾಗತೈತಿ ಅಂತ ನೀವು ಕೇಳಿದ್ರಿ. ಪ್ರತಿ ಸೋಮವಾರ ವೀಕ್ಲಿ ಚೆಕ್ ಇನ್, ಮೊದಲನೇದು ಜೂನ್ 8, ಆಮ್ಯಾಲೆ 15, 22, 29. ವಾರದ ಟಾರ್ಗೆಟ್ ಅಂತ ಲೆಟರ್‌ನಾಗ ಯಾವ ನಂಬರೂ ಇಲ್ಲ, ಪ್ರೋಗ್ರೆಸ್ ಬರದಿಡ್ತೇವಿ ಅಂತಷ್ಟ ಐತಿ. ಹಂಗಾಗಿ ಜೂನ್ 8ಕ್ಕ 85 ಎಲ್ಲೈತಿ ಅಂತ ಕೇಳಿದ್ರ ಗಾಬರಿ ಆಗಬ್ಯಾಡ್ರಿ, ಅದು ತಿಂಗಳದ ನಂಬರ್. ಆದ್ರ ಅವರು ಬರದಿಡೂದು ಅವರ ಮಾತನ್ನ, ಮೀಟಿಂಗ್ ಮುಗಿದ ಮ್ಯಾಲೆ ಅವತ್ತೇ ಎರಡು ಸಾಲು ನೀವೂ ಮೇಲ್ ಹಾಕ್ರಿ: ಇವತ್ತಿನ ತನಕಾ 140ರಾಗ 38 ಆಗ್ಯಾವ, ಇಂಥಿಂಥಾ ಮಾತಾತು, ನಾನು ಕೇಳಿದ್ದು ಇಂಥಾದ್ದು. ಮೀಟಿಂಗ್ ಆಗಲಿಲ್ಲ, ಮ್ಯಾನೇಜರ್ ಟೂರ್‌ನಾಗ ಇದ್ರು ಅಂದ್ರ ಅದನ್ನೂ ಬರೀರಿ, ಇವತ್ತು ಚೆಕ್ ಇನ್ ಆಗಿಲ್ಲ, ಯಾವಾಗ ಇಡ್ತೀರಿ ಅಂತ. ಜುಲೈ ಮುಗಿದ ಮ್ಯಾಲೆ ನಾವು ವಾರಾ ವಾರಾ ಗೈಡ್ ಮಾಡೇವಿ ಅಂದ್ರ ಆಗ ಈ ಮೇಲ್ ಮಾತಾಡ್ತಾವ. ಫೋನಿನ್ಯಾಗ ಹೇಳಿದ್ದು ಯಾವುದೂ ಲೆಕ್ಕಕ್ಕ ಬರೂದಿಲ್ಲ.

ಜೂನ್ 30ರ ಮಿಡ್ ಪಾಯಿಂಟ್ ಬರೇ ಮಾತುಕತಿ ಅಂತ ತಿಳ್ಕೊಬ್ಯಾಡ್ರಿ. ಕಡೀ ಪ್ಯಾರಾದಾಗ ಒಂದು ಸಾಲು ಐತಿ, ತೃಪ್ತಿ ಆಗೂ ಅಷ್ಟು ಪ್ರಗತಿ ಕಾಣಲಿಲ್ಲ ಅಂದ್ರ ಕಂಪನಿ ಈ ಪ್ಲಾನನ್ನ ಅವಧಿಗಿಂತ ಮೊದಲೂ ಮುಗಿಸಬಹುದು ಅಂತ. ಅಂದ್ರ 60 ದಿನ ಗ್ಯಾರಂಟಿ ಇಲ್ಲ, ಜೂನ್ 30ಕ್ಕೂ ನಿಲ್ಲಿಸಬಹುದು. ಅಲ್ಲೆ 119 ಆಗದಿದ್ರೂ 101ರಿಂದ 112ಕ್ಕ ಬಂದೀರಿ ಅಂದ್ರ ಅದು 80 ಪರ್ಸೆಂಟ್, ಏರಿಕಿ ಕಾಣತೈತಿ, ಮುಂದುವರಿಸೂದು ಹೆಚ್ಚು. ಅಲ್ಲೇ ನಿಂತ್ರ ಕಷ್ಟ. ಜುಲೈ 30ರ ಫೈನಲ್‌ಗೆ ಮೂರು ದಾರಿ ಬರದಾರ: ಪಾಸ್ ಆಗೂದು, ಇನ್ನ 30 ದಿನ ಮುಂದ ಹಾಕೂದು, ಟರ್ಮಿನೇಶನ್ ತನಕಾ ಯಾವುದರ ಕ್ರಮ. ಪಾಸ್ ಆದ್ರೂ ಆರು ತಿಂಗಳು ಅದೇ ಲೆವೆಲ್ ಉಳಿಸ್ಕೊಬೇಕು ಅಂತನೂ ಐತಿ, ಅಂದ್ರ ಆಗಸ್ಟ್‌ನಾಗ ಕೈ ಬಿಟ್ರ ಹೊಸಾ ಪಿಐಪಿ ಇಲ್ಲದ ನೇರ ಕ್ರಮ ಆಗಬಹುದು.

ಇನ್ನ ಸಹಿ. ಸಹಿ ಜಾಗದ ಮ್ಯಾಲಿನ ಸಾಲು ಓದ್ರಿ, ಇದು ನನಗ ಮುಟ್ಟೈತಿ ಮತ್ತ ನನಗ ವಿವರಿಸ್ಯಾರ ಅಂತ ಐತಿ, ಒಪ್ಪೇನಿ ಅಂತಿಲ್ಲ. ಅದಕ್ಕ ಸಹಿ ಮಾಡಾಕ ಅಂಜೂದು ಬ್ಯಾಡ, ಮಾಡದಿದ್ರ ತಗೊಳ್ಳಾಕ ಒಲ್ಲೆ ಅಂದಾ ಅಂತ ಬರದು ಮುಂದ ಹೋಗ್ತಾರ, ದಿನ ನಿಲ್ಲೂದಿಲ್ಲ. ಆದ್ರ ವಿವರಿಸ್ಯಾರ ಅನ್ನೂದು ಖರೇ ಅಲ್ಲ, ಯಾರೂ ನಿಮ್ಮ ಜೋಡಿ ಕುಂತಿಲ್ಲ. ಸಹಿ ಕೆಳಗ ತಾರೀಖು ಜೂನ್ 6 ಅಂತ ನಿಮ್ಮ ಕೈಯಾಗೇ ಬರೀರಿ, ಜೂನ್ 1 ಅಂತ ಹಾಕು ಅಂದ್ರ ಹಾಕಬ್ಯಾಡ್ರಿ, ಬಾಜೂಕ ಕನ್ನಡದಾಗೇ ಬರೀರಿ: ಜೂನ್ 4ಕ್ಕ ಮೇಲ್‌ನಾಗ ತಲುಪಿದೆ, ಮುಖತಃ ವಿವರಿಸಿಲ್ಲ, ನನ್ನ ಅನಿಸಿಕೆ ಬೇರೆ ಮೇಲ್‌ನಲ್ಲಿ ಇದೆ. ಆ ಮೇಲ್ ಅದೇ ದಿನ ಹೋಗಬೇಕು, ಸಹಿ ಮಾಡಿದ ಕಾಪಿ ಹಚ್ಚಿ. ಅದರಾಗ ಹೋದ ತಿಂಗಳದ ಸಿಟ್ಟು, ಮ್ಯಾನೇಜರ್ ಹಿಂಗಂದ್ರು ಹಂಗಂದ್ರು ಏನೂ ಬ್ಯಾಡ. 60 ದಿನ ಯಾವತ್ತಿಂದ, ಲೆಕ್ಕಾ ಯಾವ ಕ್ಲೋಸಿಂಗ್ ಫೈಲ್ ಮ್ಯಾಲೆ, ಅಲೊಕೇಶನ್ ಯಾವುದು, ಹಳ್ಳಿ ದಿನಕ್ಕ ವಿಸಿಟ್ ಎಷ್ಟು, ಶನಿವಾರದ ರೊಕ್ಕ ಯಾವಾಗ, ಇಷ್ಟ ಕೇಳ್ರಿ. ಮೇಲ್ ಕನ್ನಡದಾಗ ಬರದ್ರೂ ನಡೀತೈತಿ, ಹೆಡ್ ಆಫೀಸಿನವರು ಓದಬೇಕಂದ್ರ ಯಾರ ಕಡೆಂದರ ಸಾದಾ ಇಂಗ್ಲಿಷ್ ಮಾಡಿಸಿ ಎರಡೂ ಹಾಕ್ರಿ.

ನಡುವ ಯಾರರ ಕರದು, ಸುಮ್ನ ರಿಸೈನ್ ಮಾಡು, ರಿಲೀವಿಂಗ್ ಲೆಟರ್ ಚಲೋ ಕೊಡ್ತೇವಿ, ಟರ್ಮಿನೇಟ್ ಅಂತ ಬಂದ್ರ ಮುಂದ ಕೆಲಸಾ ಸಿಗೂದಿಲ್ಲ ಅಂದ್ರ ಅವತ್ತೇ ಏನೂ ಬರದು ಕೊಡಬ್ಯಾಡ್ರಿ. ಆ ಮಾತು ಪೂರಾ ಸುಳ್ಳಲ್ಲ, ಕೆಲವರಿಗೆ ರಿಸೈನ್ ಮಾಡೂದ ಲೇಸಾಗತೈತಿ, ಆದ್ರ ಅದನ್ನ ಆಫರ್ ಲೆಟರ್ ಮನ್ಯಾಗ ತಗದು ನೋಟೀಸ್ ಪಿರಿಯಡ್ ಎಷ್ಟು ಪಗಾರ ಎಷ್ಟು ಬರ್ತೈತಿ ಅಂತ ನೋಡಿ ಠರಾಯಿಸ್ರಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದು, ಅದರ 39ನೇ ಕಲಂ ಪ್ರಕಾರ ಕನಿಷ್ಠ ಆರು ತಿಂಗಳು ಸತತ ಕೆಲಸಾ ಮಾಡಿದವರನ್ನ ಸರಿಯಾದ ಕಾರಣ ಇಲ್ಲದ, ಒಂದು ತಿಂಗಳ ನೋಟೀಸ್ ಇಲ್ಲಾ ಅದರ ಪಗಾರ ಕೊಡದ ತಗದು ಹಾಕೂ ಹಂಗಿಲ್ಲ. ಆ ಸರಿಯಾದ ಕಾರಣ ಅನ್ನೂದಕ್ಕ ಕಂಪನಿ ಮುಂದ ತೋರಿಸೂದು ಈ ಪಿಐಪಿ ಕಾಗದನ್ನೇ, ಆಗ ನೀವು ತೋರಿಸೂದು ಶನಿವಾರ ಕಳಿಸಿದ ಮೇಲ್ ಮತ್ತ ಸೋಮವಾರ ಸೋಮವಾರ ಹಾಕಿದ ಎರಡು ಸಾಲು. ಜುಲೈ 30ರ ಮ್ಯಾಲೆ ಟರ್ಮಿನೇಶನ್ ಲೆಟರ್ ಬಂದೇ ಬಂತು ಅಂದ್ರ ಅದನ್ನೂ ಇವನ್ನೂ ತಗೊಂಡು ಹುಬ್ಬಳ್ಳಿಯೊಳಗ ಲೇಬರ್ ಕೇಸ್ ನೋಡೂ ವಕೀಲರ ಕಡೆ ಲಗೂನ ಹೋಗ್ರಿ, ಅಪೀಲಿಗೆ ಟೈಮ್ ಲಿಮಿಟ್ ಇರ್ತೈತಿ.